ಬೋರ್ಡಿನಲ್ಲಿ ಮಾತ್ರ 24 ಗಂಟೆ

ರಾತ್ರಿ ಎರಡೂವರೆಗೆ ಹೊಟ್ಟೆನೋವು ಬರಬಾರದು. ಬಂದರೂ ಬೆಳ್ಳಂದೂರಿನ ಆಫೀಸಿನಲ್ಲಿರುವಾಗ ಬರಬಾರದು. ಹೋದ ವಾರ ನನಗೆ ಹಾಗೇ ಬಂತು. ತಿಂಗಳು ತಿಂಗಳು ಬರುವ ನೋವೇ, ಹೊಸದೇನಲ್ಲ. ಒಂದು ಮಾತ್ರೆ ನುಂಗಿ ಸ್ವಲ್ಪ ಹೊತ್ತು ಸುಮ್ನೆ ಕೂತರೆ ಮುಗಿಯಿತು. ಆದರೆ ಆ ಒಂದು ಮಾತ್ರೆಗೋಸ್ಕರ ನಡೆದ ಮೆರವಣಿಗೆಯ ಸಿಟ್ಟು ನನಗಿನ್ನೂ ಇಳಿದಿಲ್ಲ.

ರಾತ್ರಿ ಶಿಫ್ಟಿನವರಿಗೆ ಕ್ಯಾಬಿನ ಕಥೆ ಹೊಸದಾಗಿ ಹೇಳಬೇಕಿಲ್ಲ. ಹೆಂಗಸರನ್ನು ಮೊದಲು ಹತ್ತಿಸಿಕೊಳ್ಳಬಾರದು, ಕೊನೆಗೆ ಇಳಿಸಬಾರದು. ಹಾಗೆ ಮಾಡಲೇಬೇಕಾದರೆ ಜೊತೆಗೆ ಎಸ್ಕಾರ್ಟ್ ಇರಬೇಕು, ಅಂದರೆ ಒಬ್ಬ ಗಾರ್ಡು. ನಮ್ಮ ರೂಟಿನಲ್ಲಿ ಒಬ್ಬಳು ಬಿಟಿಎಂನಲ್ಲಿ ಇಳಿಯುತ್ತಾಳೆ, ಇನ್ನೊಬ್ಬಳು ಜಯನಗರದಲ್ಲಿ. ಆಮೇಲೆ ವಿಜಯನಗರದವರೆಗೂ ನಾನೊಬ್ಬಳೇ. ಹಾಗಾಗಿ ಮುಂದಿನ ಸೀಟಿನಲ್ಲಿ ನಮ್ಮ ಗಾರ್ಡಣ್ಣ.

ಅಣ್ಣ ಗೌರಿಬಿದನೂರು ಕಡೆಯವರು. ಅರವತ್ತರ ಹತ್ತಿರದ ವಯಸ್ಸು, ಕೈಯಲ್ಲಿ ಲಾಠಿ, ತೊಡೆ ಮೇಲೆ ಟ್ರಿಪ್ ಶೀಟು. ಸಿಲ್ಕ್ ಬೋರ್ಡ್ ಬರುವವರೆಗೆ ಕಣ್ಣು ಪಿಳುಕಿಸದೆ ಕೂತಿರುತ್ತಾರೆ. ಸಿಲ್ಕ್ ಬೋರ್ಡ್ ದಾಟಿತೋ, ಗೊರಕೆ ಶುರು. ಹಗಲು ಅಲ್ಲಿ ಗಾಡಿಗಳೇ ನಿದ್ದೆ ಮಾಡುತ್ತವೆ, ರಾತ್ರಿ ಮನುಷ್ಯರ ಸರದಿ ಇರಬೇಕು. ಮೊದಲು ಸಣ್ಣ ಶಿಳ್ಳೆ. ಬಿಟಿಎಂ ಹೊತ್ತಿಗೆ ಪೂರ್ತಿ ಗರಗಸ. ಆದರೆ ಯಾರದೇ ಮನೆ ಮುಂದೆ ಗಾಡಿ ನಿಂತ ತಕ್ಷಣ ಕಣ್ಣು ಮುಚ್ಚಿಕೊಂಡೇ ಟ್ರಿಪ್ ಶೀಟು ಹಿಂದಕ್ಕೆ ಚಾಚುತ್ತಾರೆ, "ಸೈನು ಮೇಡಂ" ಅಂತ. ಒಂದು ಸಲ ಸಿಗ್ನಲ್‌ನಲ್ಲಿ ನಿಂತಾಗಲೂ ಚಾಚಿದ್ದರು. ಕೇಳಿದರೆ, "ನಿದ್ದೆ ಅಲ್ಲ ಮೇಡಂ, ಕಣ್ಣಿಗೆ ರೆಸ್ಟು."

ನಮ್ಮಮ್ಮ ನಾನು ಮನೆ ಸೇರುವವರೆಗೆ ಮಲಗುವುದಿಲ್ಲ.

"ಎಲ್ಲಿದ್ದೀಯೇ? ಗಾರ್ಡು ಇದ್ದಾರಾ?"

"ಇದ್ದಾರಮ್ಮ."

"ಅದೇನು ಸದ್ದು?"

"ಅವರೇ ಅಮ್ಮ."

ಅಮ್ಮನನ್ನು ನಗಿಸಬಹುದು, ಮಲಗಿಸಲು ಆಗುವುದಿಲ್ಲ. 2005ರ ಡಿಸೆಂಬರ್‌ನಲ್ಲಿ ಇದೇ ಊರಿನಲ್ಲಿ, ರಾತ್ರಿ ಪಾಳಿಗೆ ಹೊರಟಿದ್ದ ಕಾಲ್ ಸೆಂಟರ್ ಉದ್ಯೋಗಿಯೊಬ್ಬಳನ್ನು ಕರೆದೊಯ್ಯಲು ಬಂದ ಚಾಲಕನೇ ಕೊಂದ. ಕ್ಯಾಬಿನ ಈ ಕಟ್ಟುಪಾಡುಗಳು ಬಿಗಿಯಾಗಿದ್ದು ಅದಾದ ಮೇಲೆ. ಎಸ್ಕಾರ್ಟ್ ಅಂದಾಗಲೆಲ್ಲ ಅಮ್ಮನಿಗೆ ಅದೇ ನೆನಪು. ಅದಕ್ಕೇ ಗಾರ್ಡಣ್ಣನ ಗೊರಕೆ ಬಗ್ಗೆ ನಾನು ಎಲ್ಲೂ ದೂರು ಕೊಟ್ಟಿಲ್ಲ. ಕೊಟ್ಟರೆ ಅವರನ್ನು ತೆಗೆದು, ಗೊರಕೆ ಹೊಡೆಯದ, ಗುರುತೂ ಇಲ್ಲದ ಒಬ್ಬನನ್ನು ಕೂರಿಸುತ್ತಾರೆ. ಇವರಾದರೆ ಎಷ್ಟು ನಿದ್ದೆಯಲ್ಲಿದ್ದರೂ, ನಮ್ಮ ಮನೆಯ ಲೈಟು ಹತ್ತಿ ಬಾಗಿಲು ಹಾಕುವವರೆಗೆ ಗಾಡಿ ಮುಂದಕ್ಕೆ ಬಿಡಿಸುವುದಿಲ್ಲ.

ಸರಿ, ಆ ರಾತ್ರಿ. ಜಯನಗರದವಳು ಇಳಿದ ಮೇಲೆ ಮ್ಯಾಪಿನಲ್ಲಿ ಮೆಡಿಕಲ್ ಶಾಪ್ ಹುಡುಕಿದೆ. ಹತ್ತಿರದಲ್ಲೇ ಒಂದು, ಎದುರಿಗೆ "Open 24 hours". ಹೋಗಿ ನೋಡಿದರೆ ಮ್ಯಾಪು ಹೇಳಿದ್ದೇ ಬೋರ್ಡೂ ಹೇಳುತ್ತಿದೆ. ಹಸಿರು ಪ್ಲಸ್ ಗುರುತು ಮಿಣ ಮಿಣ ಅನ್ನುತ್ತಿದೆ, ಕೆಳಗೆ ದೊಡ್ಡದಾಗಿ 24 ಗಂಟೆ. ಅದರ ಕೆಳಗೆ, ಶಟರ್ ಪೂರ್ತಿ ಎಳೆದಿದೆ.

ಶಟರ್ ಮೇಲೆ ಫೋನ್ ನಂಬರ್ ಬರೆದಿತ್ತು. ಮಾಡಿದೆ. ಶಟರ್ ಒಳಗೇ ರಿಂಗಾಯಿತು! ಯಾವುದೋ ಭಕ್ತಿಗೀತೆಯ ಟ್ಯೂನು. ಪೂರ್ತಿ ಹಾಡಿ ನಿಂತಿತು. ಮತ್ತೆ ಮಾಡಿದೆ, ಮತ್ತೆ ಭಜನೆ. ಗಾರ್ಡಣ್ಣ ಇಳಿದು ಬಂದು ಶಟರಿಗೆ ಲಾಠಿಯಿಂದ ಎರಡು ಬಾರಿಸಿದರು. ಬೀದಿಯ ನಾಯಿಗಳೆಲ್ಲ ಎದ್ದವು. ಕೊನೆಗೆ ಒಳಗಿನಿಂದ ಒಬ್ಬ ಹುಡುಗ ಫೋನ್ ಎತ್ತಿದ. ನಮ್ಮ ನಡುವೆ ಒಂದು ತಗಡು, ಮಾತಾಡುವುದು ಫೋನಿನಲ್ಲಿ.

"ಬೆಳಿಗ್ಗೆ ಬನ್ನಿ ಮೇಡಂ."

"24 ಗಂಟೆ ಅಂತ ಬೋರ್ಡಿದೆಯಲ್ಲಪ್ಪ?"

"ಹೌದು ಮೇಡಂ, ಬೋರ್ಡು 24 ಗಂಟೆನೂ ಆನ್ ಇರುತ್ತೆ."

ಫಾರ್ಮಸಿಸ್ಟ್ ಹತ್ತಕ್ಕೇ ಮನೆಗೆ ಹೋಗಿದ್ದಾರಂತೆ. ಅವರಿಲ್ಲದೆ ಕೊಡುವ ಹಾಗಿಲ್ಲವಂತೆ. ಇವನು ಸುಮ್ನೆ ಒಳಗೆ ಮಲಗುವವನು. ಶಟರ್ ತೆಗೆಯಲಿಕ್ಕೂ ಆಗದು, ಮಾಲೀಕರು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದಾರೆ. "ಒಳಗೆ ಬೆಂಕಿ ಗಿಂಕಿ ಬಿದ್ದರೆ ಏನ್ ಮಾಡ್ತೀಯೋ?" ಎಂದು ಗಾರ್ಡಣ್ಣ ಬಗ್ಗಿ, ಶಟರ್ ಸಂದಿಯಲ್ಲಿ ಕೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ, "ಅದೇ ನಂಬರಿಗೆ ಫೋನ್ ಮಾಡಿ" ಎಂದ.

ಅಷ್ಟರಲ್ಲಿ ನನ್ನ ಫೋನಿಗೆ ಟ್ರಾನ್ಸ್‌ಪೋರ್ಟ್ ಡೆಸ್ಕಿನ ಕರೆ. ಗಾಡಿ ರೂಟು ಬಿಟ್ಟು ಎಲ್ಲಾದರೂ ನಿಂತರೆ ಅವರ ಸ್ಕ್ರೀನಿನಲ್ಲಿ ಕೆಂಪಾಗುತ್ತದಂತೆ. "ಮೇಡಂ, ಸೇಫ್ ಆಗಿದ್ದೀರಾ?" ಸೇಫ್ ಆಗಿದ್ದೀನಿ, ಹೊಟ್ಟೆನೋವು ಎಂದೆ. "ಹಾಗಾದರೆ ಸೇಫ್ ಅಂತ ಹಾಕ್ತೀನಿ" ಎಂದು ಇಟ್ಟರು. ಹೊಟ್ಟೆನೋವಿಗೆ ಅವರ ಪಟ್ಟಿಯಲ್ಲಿ ಜಾಗವಿಲ್ಲ, ಪಾಪ.

ಡ್ರೈವರ್‌ಗೆ ಇಂಥದ್ದು ಗೊತ್ತು. "ಮೇಡಂ, ರಾತ್ರಿ ಮೆಡಿಕಲ್ ಬೇಕಂದ್ರೆ ಅಂಗಡಿ ಹುಡುಕಬೇಡಿ, ಎಮರ್ಜೆನ್ಸಿ ಇರೋ ಆಸ್ಪತ್ರೆ ಹುಡುಕಿ" ಎಂದರು. ಅದು ನಿಜ. ರಾತ್ರಿಯೆಲ್ಲ ರೋಗಿಗಳು ಬರುವ ಕಡೆ ಔಷಧಿ ಕೌಂಟರ್ ಮುಚ್ಚಲು ಆಗುವುದಿಲ್ಲ. ಅಂಗಡಿಗೇ ಹೋಗಬೇಕಾದರೆ ಆಫೀಸು ಬಿಡುವ ಮುಂಚೆ ಫೋನ್ ಮಾಡಬೇಕಂತೆ. "ಯಾವ ಮಾತ್ರೆ?" ಅಂತ ಕೇಳಿದರೆ ತೆರೆದಿದೆ, "ಯಾರು?" ಅಂದರೆ ಮಲಗಿದ್ದಾರೆ.

ಆಸ್ಪತ್ರೆಯಲ್ಲಿ ಕೌಂಟರ್ ತೆರೆದಿತ್ತು. ನಾನು ಕೇಳಿದ ಮಾತ್ರೆಗೆ ಡಾಕ್ಟರ್ ಚೀಟಿ ಬೇಕು, ಇಲ್ಲವಾದರೆ ಪ್ಯಾರಾಸಿಟಮಾಲ್ ತಗೊಳ್ಳಿ ಎಂದರು. ಸರಿ, ಅದೇ ಕೊಡಿ ಎಂದೆ. ಬಿಲ್ಲಿಗೆ ಹೆಸರು ಬೇಕು, ವಯಸ್ಸು ಬೇಕು, ಫೋನ್ ನಂಬರ್ ಬೇಕು. ಮಾತ್ರೆಯ ಬೆಲೆಗಿಂತ ಬಿಲ್ಲೇ ಉದ್ದ.

ಬರೀ ಹೊಟ್ಟೆಗೆ ಮಾತ್ರೆ ನುಂಗಲು ಮನಸ್ಸಾಗಲಿಲ್ಲ. ಆಫೀಸು ಕ್ಯಾಂಟೀನ್ ಹತ್ತೂವರೆಗೇ ಎತ್ತಿಡುತ್ತಾರೆ. ಫ್ಲಾಸ್ಕ್ ಕಟ್ಟಿಕೊಂಡು ಸೈಕಲ್ ಮೇಲೆ ಟೀ, ಬನ್ನು ಮಾರುವ ಹುಡುಗ ಗೇಟಿನ ಹತ್ತಿರ ಇರುತ್ತಿದ್ದ. ಅವನನ್ನು ಪೊಲೀಸ್ ಗಾಡಿ ಬಂದು ಆಗಾಗ ಓಡಿಸುತ್ತದೆ, ಅಂದೂ ಓಡಿಸಿತ್ತು. ರಾತ್ರಿಯಿಡೀ ಕೆಲಸ ಮಾಡಬಹುದಾದ ಊರಿನಲ್ಲಿ ರಾತ್ರಿ ಒಂದು ಬನ್ನು ತಿನ್ನಬಾರದು ಅಂದರೆ ಏನು ಲೆಕ್ಕ ಅಂತ ಗೊತ್ತಾಗಲಿಲ್ಲ. ಕ್ಯಾಬು ಬಿಟ್ಟು ಆಟೋದಲ್ಲಿ ಹೋಗಿ ಎಲ್ಲಾದರೂ ತಿನ್ನೋಣವೆಂದರೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಮೀಟರಿನ ಒಂದೂವರೆ ಪಟ್ಟು. ಬೆಳ್ಳಂದೂರಿನಿಂದ ವಿಜಯನಗರಕ್ಕೆ ಇಪ್ಪತ್ತು ಕಿಲೋಮೀಟರ್ ಹಿಡಿದರೆ, ಮೊದಲ ಎರಡಕ್ಕೆ 54 ರೂಪಾಯಿ, ಉಳಿದ ಹದಿನೆಂಟಕ್ಕೆ 27ರಂತೆ 486, ಒಟ್ಟು 540. ಇದು ಮೀಟರ್ ಹಾಕಿದರೆ. ಆ ಹೊತ್ತಿನಲ್ಲಿ ಮೀಟರ್ ಹಾಕುವ ಆಟೋ ಸಿಕ್ಕರೆ ನನಗೂ ಹೇಳಿ.

ಗಾರ್ಡಣ್ಣ ತಮ್ಮ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟರು. ನಿಮಗೆ ಅಂದೆ. "ಎಂಟಕ್ಕೆ ಅಪಾರ್ಟ್‌ಮೆಂಟ್ ಡ್ಯೂಟಿ ಇದೆ ಮೇಡಂ, ಅಲ್ಲಿ ಯಾರಾದ್ರೂ ತಿಂಡಿ ಕೊಡ್ತಾರೆ" ಎಂದರು. ನನ್ನನ್ನು ಇಳಿಸಿ, ಅದೇ ಗಾಡಿಯಲ್ಲಿ ವಾಪಸ್ ಬೆಳ್ಳಂದೂರು, ಆಮೇಲೆ ಬೆಳಗಿನ ಡ್ಯೂಟಿ. ಹಾಗಾದರೆ ಇವರು ಮಲಗುವುದು ಸಿಲ್ಕ್ ಬೋರ್ಡಿನಿಂದ ವಿಜಯನಗರದವರೆಗೆ ಮಾತ್ರ. ಅಂದಿನ ನಿದ್ದೆಯನ್ನು ನಾನು ಮೆಡಿಕಲ್ ಶಾಪಿನ ಮುಂದೆ ಖರ್ಚು ಮಾಡಿಸಿದ್ದೆ. ಉಳಿದ ದಾರಿ ಡ್ರೈವರೂ ನಾನೂ ದನಿ ತಗ್ಗಿಸಿ ಮಾತಾಡಿದೆವು.

ಮಾರನೆಯ ದಿನ ಟ್ರಾನ್ಸ್‌ಪೋರ್ಟ್ ಡೆಸ್ಕಿನಿಂದ ಮೇಲ್ ಬಂತು: ರೂಟಿನಲ್ಲಿಲ್ಲದ ನಿಲುಗಡೆಗೆ ಕಾರಣ ಕೊಡಿ, ಮುಂದೆ ಮಾತ್ರೆಗಳನ್ನು ಮೊದಲೇ ಇಟ್ಟುಕೊಳ್ಳಿ. ರಾತ್ರಿ ಶಿಫ್ಟಿಗೆ ಆಫೀಸಿನಲ್ಲೇ ಒಂದು ಪಟ್ಟಿ ಮಾತ್ರೆ ಇಡಬಾರದೇ ಎಂದು ಬರೆದೆ. ಬೇಗ ಉತ್ತರ ಬಂತು. ಫಸ್ಟ್ ಏಡ್ ಡಬ್ಬಿಯಲ್ಲಿ ಹತ್ತಿ ಮತ್ತು ಬ್ಯಾಂಡೇಜ್ ಇದೆ. ಮಾತ್ರೆಯನ್ನು ನರ್ಸ್ ಮಾತ್ರ ಕೊಡಬಹುದು. ನರ್ಸ್ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಲಭ್ಯ.