ಗುರುವನ್ನು ಪರೀಕ್ಷಿಸಿದರೆ ಅದು ಗುರುದ್ರೋಹವಲ್ಲ

ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಜಟಿಲ ಸುತ್ತ ಅಂತ ಒಂದು ಪುಟ್ಟ ಪ್ರಸಂಗವಿದೆ. ಶ್ರಾವಸ್ತಿಯಲ್ಲಿ ಒಂದು ಸಂಜೆ ಕೋಸಲದ ರಾಜ ಪ್ರಸೇನಜಿತ್ ಬುದ್ಧನ ಬಳಿ ಕೂತಿದ್ದಾನೆ. ಐದು ಬಗೆಯ ಸನ್ಯಾಸಿಗಳು, ಬಗೆಗೆ ಏಳೇಳು ಜನರಂತೆ, ಹತ್ತಿರದಲ್ಲೇ ಹಾದುಹೋಗುತ್ತಾರೆ. ರಾಜ ಎದ್ದು ನೆಲಕ್ಕೆ ಮಂಡಿಯೂರಿ, ಕೈಮುಗಿದು, ಮೂರು ಸಲ ತನ್ನ ಹೆಸರು ಹೇಳಿಕೊಳ್ಳುತ್ತಾನೆ. ಅವರು ಹೋದ ಮೇಲೆ ಬುದ್ಧನನ್ನು ಕೇಳುತ್ತಾನೆ: ಇವರು ಮುಕ್ತಿ ಪಡೆದ ಅರಹಂತರ ಸಾಲಿಗೆ ಸೇರಿದವರಲ್ಲವೇ? ನಿನ್ನಂಥ ಸಂಸಾರಿಗೆ ಅದನ್ನು ಗುರುತಿಸುವುದು ಕಷ್ಟ ಎಂದು ಹೇಳಿ, ಗುರುತಿಸುವ ದಾರಿಯನ್ನೂ ಬುದ್ಧ ಹೇಳುತ್ತಾನೆ. ಆಗ ರಾಜ ನಿಜ ಬಾಯಿಬಿಡುತ್ತಾನೆ: ಅವರೆಲ್ಲ ನನ್ನ ಗೂಢಚಾರರು, ಈಗ ಮನೆಗೆ ಹೋಗಿ ಮೈತೊಳೆದು, ಗಡ್ಡ ಕತ್ತರಿಸಿಕೊಂಡು, ಬಿಳಿ ಬಟ್ಟೆ ಉಟ್ಟು ಸುಖವಾಗಿ ಇರುತ್ತಾರೆ.

ಗುರುವನ್ನು ಆರಿಸಿಕೊಳ್ಳುವ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುವುದು ಈ ಪ್ರಸಂಗವನ್ನೇ. ವೇಷ ನೋಡಿ ತೀರ್ಮಾನಿಸಬೇಡಿ ಎಂಬಷ್ಟಕ್ಕೆ ಇದು ಮುಗಿಯುವುದಿಲ್ಲ. ಬುದ್ಧ ಅಲ್ಲಿ ನಾಲ್ಕು ಅಳತೆ ಕೊಡುತ್ತಾನೆ. ಶೀಲ ತಿಳಿಯುವುದು ಜೊತೆಯಲ್ಲಿ ಬಾಳಿದಾಗ, ಶುದ್ಧತೆ ತಿಳಿಯುವುದು ವ್ಯವಹಾರದಲ್ಲಿ, ಗಟ್ಟಿತನ ತಿಳಿಯುವುದು ಆಪತ್ತಿನಲ್ಲಿ, ಪ್ರಜ್ಞೆ ತಿಳಿಯುವುದು ಸಂವಾದದಲ್ಲಿ. ಅದೂ ಬಹಳ ಕಾಲ ನೋಡಿದರೆ, ಗಮನವಿಟ್ಟು ನೋಡಿದರೆ ಮಾತ್ರ. ಮೂರು ದಿನದ ಶಿಬಿರ ಮುಗಿಸಿ ಬಂದು "ಇವರೇ ನನ್ನ ಗುರು" ಎನ್ನುವವರು ಈ ನಾಲ್ಕರಲ್ಲಿ ಒಂದನ್ನೂ ನೋಡಿರುವುದಿಲ್ಲ.

ಜೊತೆಯಲ್ಲಿ ಬಾಳುವ ಅವಕಾಶ ಇವತ್ತು ಹೆಚ್ಚಿನವರಿಗೆ ಇಲ್ಲ. ಗುರು ಸಿಗುವುದು ವೇದಿಕೆಯ ಮೇಲೆ, ಇಲ್ಲವೇ ವಿಡಿಯೋದಲ್ಲಿ. ಹಾಗಿದ್ದಾಗ ಅವರ ಶೀಲದ ಬಗ್ಗೆ ನಿಮಗೆ ಗೊತ್ತಿರುವುದು ಸೊನ್ನೆ ಎಂದು ಒಪ್ಪಿಕೊಂಡು, ಆ ಸೊನ್ನೆಗೆ ತಕ್ಕಷ್ಟೇ ನಂಬಿಕೆ ಇಡುವುದು ಪ್ರಾಮಾಣಿಕತೆ. ಹತ್ತಿರ ಹೋಗುವ ಅವಕಾಶ ಸಿಕ್ಕರೆ ಅವರು ದೊಡ್ಡ ದಾನಿಗಳ ಜೊತೆ ಹೇಗಿರುತ್ತಾರೆ ಎಂದು ನೋಡಿ ಪ್ರಯೋಜನವಿಲ್ಲ. ಕಾರು ಓಡಿಸುವವನ ಜೊತೆ, ಅಡುಗೆಯವರ ಜೊತೆ, ತಪ್ಪು ಮಾಡಿದ ಹೊಸ ಸ್ವಯಂಸೇವಕನ ಜೊತೆ ಬಾಗಿಲ ಹಿಂದೆ ಹೇಗೆ ಮಾತಾಡುತ್ತಾರೆ ಎಂಬುದನ್ನು ನೋಡಿ.

ವ್ಯವಹಾರದ ವಿಷಯ ಇದಕ್ಕಿಂತ ಸುಲಭ. ಗುರು ದಕ್ಷಿಣೆ ತೆಗೆದುಕೊಂಡ ಮಾತ್ರಕ್ಕೆ ವಂಚಕನಾಗುವುದಿಲ್ಲ, ಮುಟ್ಟದ ಮಾತ್ರಕ್ಕೆ ಸಾಚಾನೂ ಆಗುವುದಿಲ್ಲ. ದುಡ್ಡು ಸಂಸ್ಥೆಯ ಖಾತೆಗೆ ಹೋಗುತ್ತದೋ ವ್ಯಕ್ತಿಯ ಖಾತೆಗೋ, ರಸೀದಿ ಕೊಡುತ್ತಾರೋ ಇಲ್ಲವೋ, ಲೆಕ್ಕ ಕೇಳಿದರೆ ತೋರಿಸುತ್ತಾರೋ ಮುಖ ಸಿಂಡರಿಸುತ್ತಾರೋ, ಟ್ರಸ್ಟಿಗಳಲ್ಲಿ ಗುರುವಿನ ಮನೆಯವರನ್ನು ಬಿಟ್ಟು ಬೇರೆ ಯಾರಾದರೂ ಇದ್ದಾರೋ ಎಂದು ನೋಡಿ. ವಂಚನೆಯ ಇನ್ನೊಂದು ಗುರುತು: ಪೂರ್ತಿ ಖರ್ಚು ಎಷ್ಟಾಗುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ. ಒಂದು ಹಂತ ಮುಗಿದ ಮೇಲೆಯೇ ಮುಂದೆ ಇನ್ನೊಂದು ಹಂತವಿದೆ ಎಂದು ಗೊತ್ತಾಗುತ್ತದೆ. ಇಷ್ಟು ದೂರ ಬಂದು ಈಗ ಬಿಡುವುದೇ ಎಂಬ ಲೆಕ್ಕಾಚಾರ ಜನರನ್ನು ಮೇಲಕ್ಕೆ ತಳ್ಳುತ್ತಾ ಹೋಗುತ್ತದೆ.

ನನ್ನ ಮಟ್ಟಿಗೆ ನಾಲ್ಕರಲ್ಲೂ ಹೆಚ್ಚು ಬೆಳಕು ಬೀರುವುದು ಆಪತ್ತು. ಗುರುವಿಗೆ ಆಪತ್ತು ಅಂದರೆ ಕಾಯಿಲೆಯೇ ಆಗಬೇಕಿಲ್ಲ. ಶಿಷ್ಯನೊಬ್ಬ ಬಿಟ್ಟುಹೋಗುವುದು, ಯಾರೋ ಬಹಿರಂಗವಾಗಿ ಆಕ್ಷೇಪ ಎತ್ತುವುದು, ಹೇಳಿದ ಭವಿಷ್ಯ ಸುಳ್ಳಾಗುವುದು ಕೂಡ ಆಪತ್ತೇ. ಬಿಟ್ಟುಹೋದವರ ಬಗ್ಗೆ ಅಲ್ಲಿ ಯಾವ ಮಾತು ನಡೆಯುತ್ತದೆ ಎಂದು ಕಿವಿಗೊಟ್ಟು ಕೇಳಿ. "ಅವರಿಗೆ ಇದು ಹೊಂದಲಿಲ್ಲ, ಚೆನ್ನಾಗಿರಲಿ" ಎಂಬ ಮಾತು ಕೇಳಿಬಂದರೆ ಒಳ್ಳೆಯದು. ಬಿಟ್ಟವರೆಲ್ಲರೂ ಅಹಂಕಾರಿಗಳು, ಕಾಮುಕರು, ದುಡ್ಡಿಗೆ ಮಾರಿಕೊಂಡವರು ಎಂದಾದರೆ, ಬಿಟ್ಟ ಮೇಲೆ ಅವರಿಗೆ ಬಂದ ರೋಗ, ನಷ್ಟ, ಸಾವುಗಳನ್ನು ಗುರುನಿಂದೆಯ ಫಲ ಎಂದು ಹೇಳಿ ಹೆದರಿಸುತ್ತಿದ್ದರೆ, ಆ ಕಥೆಗಳು ಹೋದವರಿಗಾಗಿ ಹುಟ್ಟಿದವಲ್ಲ. ಅವು ಇನ್ನೂ ಅಲ್ಲೇ ಕೂತಿರುವ ನಿಮಗಾಗಿ. ಸಾಧ್ಯವಾದರೆ ಬಿಟ್ಟುಬಂದ ಇಬ್ಬರು ಮೂವರನ್ನು ಬೇರೆಬೇರೆಯಾಗಿ ಮಾತಾಡಿಸಿ. ಒಬ್ಬರು ಹೇಳಿದ್ದು ವೈಯಕ್ತಿಕ ಸಿಟ್ಟಿರಬಹುದು. ಪರಸ್ಪರ ಪರಿಚಯವೇ ಇಲ್ಲದ ಮೂವರು ಒಂದೇ ವಿವರ ಹೇಳಿದರೆ ಅದನ್ನು ಸಿಟ್ಟು ಎಂದು ತಳ್ಳಿಹಾಕಲಾಗುವುದಿಲ್ಲ.

ಸಂವಾದದ ಬಗ್ಗೆ ಒಂದೇ ಮಾತು. ಪ್ರಶ್ನೆ ಕೇಳಿದಾಗ ಉತ್ತರ ಪ್ರಶ್ನೆಯ ಬಗ್ಗೆ ಬರುತ್ತದೋ ಕೇಳಿದವನ ಬಗ್ಗೆ ಬರುತ್ತದೋ ಗಮನಿಸಿ. "ನಿನ್ನ ಬುದ್ಧಿ ಅಡ್ಡ ಬರುತ್ತಿದೆ" ಎನ್ನುವುದು ಉತ್ತರವಲ್ಲ. "ನನಗೆ ಗೊತ್ತಿಲ್ಲ" ಎನ್ನಲು ಬರುವ ಗುರು ಸಿಕ್ಕರೆ ನಿಮ್ಮ ಅದೃಷ್ಟ ಚೆನ್ನಾಗಿದೆ.

ಇಷ್ಟೆಲ್ಲ ಹೇಳಿದರೆ "ಗುರುವನ್ನು ಅಳೆಯಲು ನೀನ್ಯಾರು, ಶಾಸ್ತ್ರದಲ್ಲಿ ಶರಣಾಗತಿ ಹೇಳಿದೆ" ಎಂಬ ಮಾತು ಬರುತ್ತದೆ. ಗುರುಮಹಿಮೆಯನ್ನು ಎತ್ತರಕ್ಕೇರಿಸಿ ಹಾಡುವ ಕುಲಾರ್ಣವ ತಂತ್ರ ಎಂಬ ಗ್ರಂಥವೇ ಶಿಷ್ಯರ ವಿತ್ತ ಕದಿಯುವ ಗುರುಗಳು ಬಹಳ, ಶಿಷ್ಯರ ಸಂತಾಪ ಕಳೆಯುವ ಗುರು ದುರ್ಲಭ ಎನ್ನುತ್ತದೆ. ದುರ್ಲಭವಾದದ್ದನ್ನು ಹುಡುಕಬೇಕೆಂದರೆ ಪರೀಕ್ಷೆ ಮಾಡದೆ ಹೇಗೆ? ಪಾಲಿಯ ಮಜ್ಝಿಮ ನಿಕಾಯದ ವೀಮಂಸಕ ಸುತ್ತದಲ್ಲಿ ಬುದ್ಧ ತನ್ನನ್ನೇ ಹೀಗೆ ಕಣ್ಣಿಂದ ನೋಡಿ, ಕಿವಿಯಿಂದ ಕೇಳಿ ಪರೀಕ್ಷಿಸಿ ಎಂದು ಭಿಕ್ಷುಗಳಿಗೆ ಹೇಳುತ್ತಾನೆ.

ಹಾಗಾದರೆ ಓದಿದವರು, ಬುದ್ಧಿವಂತರು ಯಾಕೆ ಸಿಕ್ಕಿಬೀಳುತ್ತಾರೆ? ಅಲ್ಲಿ ಅವರಿಗೆ ಆಗುವ ಅನುಭವ ಸುಳ್ಳಲ್ಲ, ಅದಕ್ಕೇ. ನಿಧಾನವಾಗಿ ಉಸಿರಾಡಿದರೆ ಮನಸ್ಸು ತಿಳಿಯಾಗುತ್ತದೆ. ನೂರಾರು ಜನ ಒಟ್ಟಿಗೆ ಹಾಡಿದರೆ ಕಣ್ಣು ತುಂಬುತ್ತದೆ. ನಿದ್ದೆ ಕಡಿಮೆ ಮಾಡಿ, ಉಪವಾಸವಿದ್ದು, ಗಂಟೆಗಟ್ಟಲೆ ಕಣ್ಮುಚ್ಚಿ ಕೂತರೆ ಬೆಳಕು ಕಾಣುವುದೂ ಅಳು ಬರುವುದೂ ಆಶ್ಚರ್ಯವಲ್ಲ. ಇದೆಲ್ಲ ಅಭ್ಯಾಸದ ಫಲ, ಗುರುವಿನ ಚಾರಿತ್ರ್ಯಕ್ಕೆ ಸರ್ಟಿಫಿಕೇಟ್ ಅಲ್ಲ. ದುಷ್ಟನೊಬ್ಬ ಹೇಳಿಕೊಟ್ಟ ಪ್ರಾಣಾಯಾಮವೂ ಕೆಲಸ ಮಾಡುತ್ತದೆ. ಪ್ರಾಮಾಣಿಕ ಗುರು ಅನುಭವದ ಶ್ರೇಯವನ್ನು ಸಾಧನೆಗೆ ಕೊಡುತ್ತಾನೆ. ಶೋಷಕ ಅದನ್ನು ತನ್ನ ಕೃಪೆ ಎನ್ನುತ್ತಾನೆ, ಅನುಭವ ಆಗದಿದ್ದರೆ ನಿಮ್ಮ ಭಕ್ತಿ ಸಾಲದು ಎನ್ನುತ್ತಾನೆ.

ಭಕ್ತಿ ಎಲ್ಲಿ ಹದ ತಪ್ಪುತ್ತದೆ ಎಂದು ನೋಡಲು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ ಒಬ್ಬಾಕೆ ಶಿಬಿರಕ್ಕೆ ಬರುತ್ತಾಳೆ. ಗುರು ಹೆಸರು ಹಿಡಿದು ಕರೆಯುತ್ತಾರೆ, ಹಿರಿಯ ಭಕ್ತರು ದಿನಾ ಫೋನ್ ಮಾಡಿ ವಿಚಾರಿಸುತ್ತಾರೆ. ಮೊದಲು ವಾರಕ್ಕೆ ಎರಡು ಗಂಟೆ ಸತ್ಸಂಗ. ಬರುಬರುತ್ತಾ ವಾರಾಂತ್ಯವೆಲ್ಲ ಸೇವೆ. ರಾತ್ರಿ ಜಪ, ನಸುಕಿನಲ್ಲಿ ಧ್ಯಾನ, ನಿದ್ದೆ ನಾಲ್ಕೈದು ಗಂಟೆಗೆ ಇಳಿಯುತ್ತದೆ. ನಿದ್ದೆಗೆಟ್ಟವರಿಗೆ ಅನುಮಾನ ಪಡುವ ಚೈತನ್ಯವೂ ಇರುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಿ. ಹಳೆಯ ಗೆಳತಿಯರು "ಕೆಳಗಿನ ಮಟ್ಟದವರು" ಆಗುತ್ತಾರೆ. ಇದ್ದಕ್ಕಿದ್ದಂತೆ ಒಂದು ದಿನ ಗುರು ಮಾತಾಡಿಸುವುದಿಲ್ಲ, ಕಾರಣ ಹೇಳುವುದಿಲ್ಲ. ಆಕೆ ಎರಡು ವಾರ ತನ್ನಲ್ಲೇ ತಪ್ಪು ಹುಡುಕುತ್ತಾಳೆ. ಆಮೇಲೆ ಒಂದು ನಗೆ ಸಿಗುತ್ತದೆ, ಪ್ರಾಣ ಬಂದಂತಾಗುತ್ತದೆ. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಪ್ರೀತಿ ದಿನವೂ ಸಿಗುವ ಪ್ರೀತಿಗಿಂತ ಬಿಗಿಯಾಗಿ ಕಟ್ಟಿಹಾಕುತ್ತದೆ. ಆಕೆ ಅದನ್ನು ಭಕ್ತಿ ಬಲಿಯುತ್ತಿದೆ ಎಂದುಕೊಳ್ಳುತ್ತಾಳೆ. ಕೆಲಸ ಬಿಡಲೇ, ಮದುವೆಯಾಗಲೇ, ವೈದ್ಯರು ಕೊಟ್ಟ ಮಾತ್ರೆ ತೆಗೆದುಕೊಳ್ಳಲೇ ಎಂದು ಗುರುವನ್ನು ಕೇಳದೆ ತೀರ್ಮಾನಿಸಲಾರದ ಸ್ಥಿತಿ ಬಂದಾಗ ಪೂರ್ತಿ ಸಿಕ್ಕಿಬಿದ್ದಿದ್ದಾಳೆ.

ಇದಕ್ಕಿಂತ ಅಪಾಯದ ಹಂತ ಗುಟ್ಟು ಒಪ್ಪಿಸುವುದು. ಅಮೆರಿಕದಲ್ಲಿ ವ್ಯಕ್ತಿತ್ವ ವಿಕಸನದ ಶಿಬಿರ ನಡೆಸುತ್ತಿದ್ದ ನೆಕ್ಸಿಯಮ್ ಸಂಸ್ಥೆಯ ಒಳಗಿದ್ದ ಗುಪ್ತ ಗುಂಪಿಗೆ ಸೇರುವ ಹೆಂಗಸರಿಂದ ನಗ್ನ ಚಿತ್ರ, ಮನೆಯವರ ಮಾನ ಕಳೆಯುವ ಹೇಳಿಕೆಗಳಂಥವನ್ನು "ಒತ್ತೆ"ಯಾಗಿ ಪಡೆಯುತ್ತಿದ್ದರು. ಬಿಟ್ಟುಹೋದರೆ ಅವು ಹೊರಬರುತ್ತವೆಂಬ ಭಯವೇ ಸಂಕೋಲೆ. ಅದರ ನಾಯಕ ಕೀತ್ ರಾನಿಯೆರಿ 2019ರಲ್ಲಿ ಅಪರಾಧಿ ಎಂದು ಸಾಬೀತಾಗಿ, 2020ರಲ್ಲಿ 120 ವರ್ಷಗಳ ಶಿಕ್ಷೆಗೆ ಗುರಿಯಾದ. ಪಾಪ ನಿವೇದನೆಯನ್ನು ಬರಹದಲ್ಲಿ, ವಿಡಿಯೋದಲ್ಲಿ ಕೇಳುವ ಯಾವ ಗುರುವಿಗೂ ಕೊಡಬೇಡಿ. ಮೈ ಮುಟ್ಟುವುದು, ಏಕಾಂತದ ದೀಕ್ಷೆ, ಜೊತೆಗೆ "ಯಾರಿಗೂ ಹೇಳಬೇಡ" ಎಂಬ ಸೂಚನೆ ಬಂದರೆ ನಾಲ್ಕು ಅಳತೆಗಳ ಗೊಡವೆಯೇ ಬೇಡ. ಅಲ್ಲಿಂದ ಎದ್ದು ಹೊರಡಿ, ಅವತ್ತೇ ಹೊರಗಿನ ಒಬ್ಬರಿಗೆ ಹೇಳಿ.

ಅಷ್ಟು ದೂರ ಹೋಗುವ ಮುಂಚೆ ಯಾರು ಬೇಕಾದರೂ ಮಾಡಬಹುದಾದ ಒಂದು ಪರೀಕ್ಷೆಯಿದೆ. ಸೇರಿದ ಎರಡು ಮೂರು ತಿಂಗಳಲ್ಲಿ ಒಂದು ಸಣ್ಣ ವಿಷಯಕ್ಕೆ ಇಲ್ಲ ಎನ್ನಿ. "ಈ ವಾರ ಸೇವೆಗೆ ಬರಲಾಗುವುದಿಲ್ಲ" ಅಷ್ಟೇ. ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಚರ್ಚೆ ಆ ಕಾರಣದ ಮೇಲೆ ತಿರುಗಿ ಪರೀಕ್ಷೆ ಕೆಡುತ್ತದೆ. "ಆಗಲಿ" ಎಂದು ಬಿಟ್ಟರೆ ಸರಿ. ಮೂರು ಜನ ಫೋನ್ ಮಾಡಿದರೆ, "ಗುರುಗಳು ನಿಮ್ಮನ್ನು ಕೇಳುತ್ತಿದ್ದರು, ಬೇಜಾರು ಮಾಡಿಕೊಂಡರು" ಎಂಬ ಮಾತು ಬಂದರೆ, ಮುಂದಿನ ವಾರ ಪ್ರವಚನದಲ್ಲಿ ಹೆಸರೆತ್ತದೆ ನಿಮ್ಮನ್ನೇ ಚುಚ್ಚಿದರೆ, ದೊಡ್ಡ ವಿಷಯಕ್ಕೆ ಇಲ್ಲ ಎಂದಾಗ ಏನಾಗುತ್ತದೆಂದು ಈಗಲೇ ಗೊತ್ತಾಯಿತು. ಸೇರುವ ದಿನವೇ ತಿಂಗಳಿಗೆ ಎಷ್ಟು ದುಡ್ಡು, ವಾರಕ್ಕೆ ಎಷ್ಟು ಹೊತ್ತು, ಏನನ್ನು ಎಂದಿಗೂ ಮಾಡುವುದಿಲ್ಲ ಎಂಬ ಮೂರು ಸಾಲು ಬರೆದು, ಆ ಬಳಗಕ್ಕೆ ಸೇರದ ಗೆಳೆಯನೊಬ್ಬನಿಗೆ ಕೊಟ್ಟಿಡಿ. ಆರು ತಿಂಗಳಿಗೊಮ್ಮೆ ಅವನೇ ಓದಿ ಕೇಳಲಿ. ಗೆರೆ ಸರಿದಿರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅವನಿಗೆ ಕಾಣುತ್ತದೆ.

ಕಟ್ಟುನಿಟ್ಟಿನ ಗುರುವೆಲ್ಲ ಶೋಷಕ ಎಂದು ಮಾತ್ರ ತಿಳಿಯಬೇಡಿ. ಬೈಗುಳ ಸಾಧನೆಯ ತಪ್ಪಿನ ಬಗ್ಗೆ ಇದ್ದು, ಏನು ತಿದ್ದಿಕೊಳ್ಳಬೇಕೆಂದು ಅದರಿಂದ ತಿಳಿದರೆ ಅದು ಶಿಸ್ತು. ನಿಮ್ಮ ಮನೆ, ಹಾಸಿಗೆ, ಆಸ್ತಿಯ ತನಕ ಅದು ಚಾಚಿದರೆ ಶಿಸ್ತಲ್ಲ. ಒಳ್ಳೆಯವರಾಗಿಯೇ ಶುರುಮಾಡಿ, ಸುತ್ತ ಇಲ್ಲ ಎನ್ನುವವರು ಯಾರೂ ಉಳಿಯದೆ ಕೆಟ್ಟವರೂ ಇದ್ದಾರೆ. ಹಾಗಾಗಿ ಹತ್ತು ವರ್ಷದ ಹಿಂದಿನ ಪರೀಕ್ಷೆ ಇವತ್ತಿಗೆ ಸಾಲದು.

ಮನೆಯವರೊಬ್ಬರು ಈಗಾಗಲೇ ಒಳಗಿದ್ದರೆ ಗುರುವನ್ನು ಬೈಯಬೇಡಿ. ಲೋಕವೆಲ್ಲ ನಿನ್ನ ವಿರೋಧಿ ಎಂದು ಅಲ್ಲಿ ಹೇಳಿಕೊಟ್ಟಿರುತ್ತಾರೆ, ನಿಮ್ಮ ಬೈಗುಳ ಅದಕ್ಕೆ ಸಾಕ್ಷಿಯಾಗುತ್ತದೆ. ನಿದ್ದೆ ಸರಿಯಾಗಿದೆಯಾ, ದುಡ್ಡು ಉಳಿದಿದೆಯಾ, ಹಬ್ಬಕ್ಕೆ ಬರುತ್ತೀಯಾ ಎಂದು ಕೇಳುತ್ತಾ ಸಂಪರ್ಕ ಉಳಿಸಿಕೊಳ್ಳಿ. ಹೊರಬಂದವರನ್ನು ಬಹಳ ದಿನ ಕಾಡುವ ಪ್ರಶ್ನೆ ಒಂದಿದೆ: ಆ ಗುರು ಕೊಟ್ಟ ಮಂತ್ರ ಮುಂದುವರಿಸಲೇ, ಬಿಡಲೇ? ಕೂತ ತಕ್ಷಣ ಆ ಮುಖ ಕಣ್ಮುಂದೆ ಬಂದು ಎದೆ ಬಡಿದುಕೊಳ್ಳುತ್ತಿದ್ದರೆ ಸದ್ಯಕ್ಕೆ ನಿಲ್ಲಿಸಿ, ಆಪ್ತಸಮಾಲೋಚಕರನ್ನು ಕಾಣುವುದು ಒಳ್ಳೆಯದು. ಹಾಗೇನೂ ಆಗದಿದ್ದರೆ ಧಾರಾಳವಾಗಿ ಮುಂದುವರಿಸಿ. ಅವರಿಗಿಂತ ಮುಂಚೆಯೂ ಆ ಅಭ್ಯಾಸ ಇತ್ತು, ಅದಕ್ಕೆ ಅವರ ಅಪ್ಪಣೆ ಬೇಕಿಲ್ಲ.