ಬೆರಕೆ ತಲೆಬರಹದಲ್ಲಿ ಕ್ಯಾಪಿಟಲ್ ಅಕ್ಷರ: ಎಲ್ಲ ಇಂಗ್ಲಿಷ್ ಪದಕ್ಕೂ ಬೇಕೇ?

ಪರ

ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನೋದೇ ಇಲ್ಲ. ಹಾಗಾಗಿ ತಕರಾರೇನಿದ್ದರೂ ತಲೆಬರಹದ ನಡುವೆ ಬರುವ ಇಂಗ್ಲಿಷ್ ಪದಗಳದ್ದು.

```
Ration card ತಿದ್ದುಪಡಿ ಹೇಗೆ?
ಹೊಸ ration card ಯಾರಿಗೆ?
```

ಸಾಲಿನ ಮೊದಲ ಪದಕ್ಕೂ ಹೆಸರುಗಳಿಗೂ ಮಾತ್ರ ಕ್ಯಾಪಿಟಲ್ ಹಾಕುವ ಸೆಂಟೆನ್ಸ್ ಕೇಸ್ ಪ್ರಕಾರ ಎರಡೂ ಸರಿ. ಆದರೆ ಒಂದರ ಕೆಳಗೊಂದು ಬಂದಾಗ ಒಂದೇ ಕಾರ್ಡು ಎರಡು ರೂಪದಲ್ಲಿ ಕಾಣುತ್ತದೆ. ಪ್ರತಿ ಮುಖ್ಯ ಪದಕ್ಕೂ ಕ್ಯಾಪಿಟಲ್ ಹಾಕುವ ಟೈಟಲ್ ಕೇಸ್‌ನಲ್ಲಿ ಅದು ಎಲ್ಲೇ ಬಂದರೂ `Ration Card`. ಎರಡು ಪದ ಸೇರಿ ಒಂದೇ ವಸ್ತು ಅನ್ನೋದೂ ಕಣ್ಣಿಗೆ ಬೀಳುತ್ತದೆ.

ಟೈಟಲ್ ಕೇಸ್‌ನ ದೊಡ್ಡ ತಲೆನೋವು `of`, `for`, `with` ಥರದ ಪದಗಳು. ನಾಲ್ಕಕ್ಷರವಿದ್ದರೆ ಕ್ಯಾಪಿಟಲ್ ಮಾಡಿ ಅನ್ನುವ ಶೈಲಿಯುಂಟು, ಬೇಡ ಅನ್ನುವ ಶೈಲಿಯೂ ಉಂಟು. ನಮ್ಮ ಬೆರಕೆ ಸಾಲಿನಲ್ಲಿ ಆ ಕೆಲಸವನ್ನು ‘ಗೆ’, ‘ಅಲ್ಲಿ’, ‘ಇಂದ’ ಪ್ರತ್ಯಯಗಳೇ ಮಾಡುತ್ತವೆ. ಉಳಿಯುವುದು ಬಹುಪಾಲು ನಾಮಪದಗಳೇ. ಇಂಗ್ಲಿಷಿನವರಿಗಿಂತ ನಮಗೇ ಟೈಟಲ್ ಕೇಸ್ ಸಲೀಸು.

ವಿರೋಧ

ಕ್ಯಾಪಿಟಲ್ ಅಕ್ಷರಕ್ಕೆ ಒಂದು ಕೆಲಸವಿದೆ: ಇದು ಹೆಸರು ಅಂತ ತೋರಿಸುವುದು. ಎಲ್ಲಕ್ಕೂ ಹಚ್ಚಿದರೆ ಆ ಕೆಲಸ ಕೆಡುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಬಸ್ ನಿಲ್ದಾಣಕ್ಕೆ ಜನರ ಬಾಯಲ್ಲಿರುವ ಹೆಸರೇ ನ್ಯೂ ಬಸ್ ಸ್ಟ್ಯಾಂಡ್. ಕುಂದಗೋಳಕ್ಕೆ ಇನ್ನೊಂದು ನಿಲ್ದಾಣ ಬೇಕು ಅಂತ ಯಾರೋ ಬರೆದರೆನ್ನಿ.

```
Hubballi New Bus Stand ಹತ್ತಿರ ಟ್ರಾಫಿಕ್
Kundgol new bus stand ಎಲ್ಲಿ ಬೇಕು?
```

ಮೊದಲನೆಯದು ಇರುವ ಜಾಗ, ಎರಡನೆಯದು ಇನ್ನೂ ಆಗಬೇಕಾದದ್ದು. ಟೈಟಲ್ ಕೇಸ್ ಮಾಡಿದಿರೋ, ಕುಂದಗೋಳದಲ್ಲೂ ಆ ಹೆಸರಿನ ನಿಲ್ದಾಣವಿದೆ ಅಂತ ಓದುಗ ತಿಳಿಯುತ್ತಾನೆ. ಇದನ್ನು ವೆಬ್ ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ಗೆ ವಹಿಸುವುದಂತೂ ಬೇಡವೇ ಬೇಡ: `text-transform: capitalize` ಹಾಕಿದರೆ `iPhone` ಹೋಗಿ `IPhone` ಆಗುತ್ತದೆ.

ಟೈಟಲ್ ಕೇಸ್‌ಗೆ ಕ್ಲಿಕ್ ಜಾಸ್ತಿ ಅನ್ನುವವರು ಲೆಕ್ಕ ಹಾಕಿ ನೋಡಲಿ. 100 ಮಂದಿ ನೋಡಿದರೆ 4 ಮಂದಿ ಒತ್ತುವ ಪುಟ ಅಂದುಕೊಳ್ಳಿ. ಆ 4 ಅನ್ನೋದು 4.4 ಆಯಿತೇ ಎಂದು ನಂಬಿಕೆಯಿಂದ ಹೇಳಲು ಪ್ರತಿ ರೂಪವನ್ನೂ ಸುಮಾರು 40,000 ಸಲ ತೋರಿಸಬೇಕು, ಅದೂ ಒಂದೇ ಸುದ್ದಿಗೆ, ಒಂದೇ ಹೊತ್ತಿನಲ್ಲಿ, ಓದುಗರನ್ನು ಚೀಟಿ ಎತ್ತಿದಂತೆ ಹಂಚಿ. ಕೆಲವೇ ಸಾವಿರ ಓದುಗರಿರುವ ಊರಿನ ಸುದ್ದಿಪುಟದಲ್ಲಿ ಸೋಮವಾರ ಒಂದು ರೂಪ, ಮಂಗಳವಾರ ಇನ್ನೊಂದು ಹಾಕಿ ಕ್ಲಿಕ್ಕಿನ ಗೆರೆ ಮೇಲೇರಿತು ಅಂದರೆ, ಅದು ಮಂಗಳವಾರದ ಮಳೆ ಸುದ್ದಿಯ ಪ್ರಭಾವವೂ ಇರಬಹುದು.

ಓದುವ ವೇಗದ ಮಾತಿನಲ್ಲೂ ಎಚ್ಚರ ಬೇಕು. ಪೂರ್ತಿ ಕ್ಯಾಪಿಟಲ್‌ನಲ್ಲಿರುವ ಇಂಗ್ಲಿಷ್ ಸಾಲು ನಿಧಾನ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ ಮೈಲ್ಸ್ ಟಿಂಕರ್ ಕಳೆದ ಶತಮಾನದಲ್ಲೇ ಪ್ರಯೋಗಗಳಿಂದ ತೋರಿಸಿದ. ಅದನ್ನು ತಂದು, ಮೊದಲಕ್ಷರ ಮಾತ್ರ ದೊಡ್ಡದಿರುವ ಎರಡು ಪದಕ್ಕೆ ಅಂಟಿಸಲಾಗದು. ನನ್ನ ವಿರೋಧ ವೇಗಕ್ಕಾಗಿ ಅಲ್ಲ, ಅರ್ಥಕ್ಕಾಗಿ.

ಇನ್ನು ಒಂದೇ ಕಾರ್ಡಿಗೆ ಎರಡು ರೂಪ ಅನ್ನುವ ದೂರು ನಿಜ. ಅದಕ್ಕೆ ಮದ್ದು ‘ರೇಷನ್ ಕಾರ್ಡ್’ ಅಂತ ಕನ್ನಡದಲ್ಲೇ ಬರೆಯುವುದು. ಹೆಸರುಗಳಿಗೂ `BRTS` ಥರದ ಸಂಕ್ಷೇಪಗಳಿಗೂ ಮಾತ್ರ ಇಂಗ್ಲಿಷ್ ಲಿಪಿ ಇಟ್ಟುಕೊಂಡರೆ ಕ್ಯಾಪಿಟಲ್ ಎಲ್ಲಿ ಬೇಕೋ ಅಲ್ಲೇ ಉಳಿಯುತ್ತದೆ.