ಬೆಲೆ ಏರಿಸಿ, ಆದರೆ ಮೊತ್ತ ಎಷ್ಟು ಅಂತ ಹೇಳಿ

ನಮ್ಮ ಮಾವ ಚಂದಾ ಕಟ್ಟಿ ಕನ್ನಡ ನಾಟಕ, ಸಂಗೀತ ಕೇಳುವ ಆ್ಯಪ್ ಒಂದರಿಂದ ಅವರಿಗೆ ಮೇಲ್ ಬಂದಿದೆ. ವಿಷಯದ ಸಾಲಿನಲ್ಲಿ 'ನಿಮ್ಮ ಅನುಭವ ಇನ್ನಷ್ಟು ಚೆನ್ನಾಗಲಿದೆ' ಅಂತ ಇದೆ. ಬೆಲೆ ಅನ್ನುವ ಮಾತು ಬರೋದು ನಾಲ್ಕನೇ ಪ್ಯಾರಾದಲ್ಲಿ. ಅಲ್ಲಿಯವರೆಗೆ ಹೊಸ ಫೀಚರ್, ಹೊಸ ಲುಕ್, ನಿಮ್ಮ ಪ್ರೀತಿಗೆ ಧನ್ಯವಾದ. ಅದೂ ಪೂರ್ತಿ ಇಂಗ್ಲಿಷಿನಲ್ಲಿ. ಆ್ಯಪ್‌ನಲ್ಲಿ ಇರೋದೆಲ್ಲ ಕನ್ನಡ, ದುಡ್ಡಿನ ವಿಷಯ ಮಾತ್ರ ಇಂಗ್ಲಿಷ್.

ಮಾವ ಅದನ್ನು ಎರಡು ಸಲ ಓದಿ ನನಗೆ ಫೋನ್ ಕೊಟ್ಟರು. 'ಇದರಲ್ಲಿ ನಾನೇನು ಮಾಡಬೇಕು ಅಂತ ಎಲ್ಲಿ ಬರೆದಿದ್ದಾರಮ್ಮ?' ಅಂದರು. ಎಲ್ಲೂ ಬರೆದಿಲ್ಲ! ಇಂಥ ಮೇಲ್‌ಗಳನ್ನು ಬರೆಯೋದೇ ನನ್ನ ಕೆಲಸ ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಇಷ್ಟು ಸಿಟ್ಟು ಬಂದಿರೋದು. ಇದು ಕೈತಪ್ಪಿ ಆದದ್ದಲ್ಲ. ಯಾವ ಸಾಲು ಎಲ್ಲಿರಬೇಕು ಅಂತ ಕೂತು ಯೋಚಿಸಿಯೇ ಹೀಗೆ ಬರೆಯುತ್ತಾರೆ.

ಲೆಕ್ಕ ನೋಡಿ. ಮಾವ ಇಲ್ಲಿಯವರೆಗೆ ತಿಂಗಳಿಗೆ ₹149 ಕೊಡುತ್ತಿದ್ದರು, ಜಿಎಸ್‌ಟಿ ಸೇರಿ. ಮೇಲ್‌ನಲ್ಲಿ ಹೊಸ ಬೆಲೆ ₹199 ಅಂತಿದೆ. ಐವತ್ತು ರೂಪಾಯಿ ತಾನೇ ಅಂತ ಅನಿಸುತ್ತದೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ 'ತೆರಿಗೆ ಪ್ರತ್ಯೇಕ' ಅಂತಿದೆ. 18% ಜಿಎಸ್‌ಟಿ ಸೇರಿಸಿದರೆ ₹234.82 ಆಗುತ್ತದೆ. ಅಂದರೆ ಏರಿದ್ದು ಐವತ್ತಲ್ಲ, ಹತ್ತಿರ ಹತ್ತಿರ 86 ರೂಪಾಯಿ. ವರ್ಷಕ್ಕೆ ಸಾವಿರ ರೂಪಾಯಿಗೂ ಜಾಸ್ತಿ. ಹಳೇ ಬೆಲೆಯನ್ನು ತೆರಿಗೆ ಸೇರಿಸಿ ತೋರಿಸಿ, ಹೊಸದನ್ನು ತೆರಿಗೆ ಬಿಟ್ಟು ತೋರಿಸಿದರೆ ಓದುವವರು ಎರಡನ್ನೂ ಹೋಲಿಸೋದು ಹೇಗೆ? ಪೂರ್ತಿ ಬೆಲೆಯನ್ನು ಮೊದಲೇ ಹೇಳದೆ ಆಮೇಲೆ ಒಂದೊಂದೇ ಸೇರಿಸುತ್ತಾ ಹೋಗೋದಕ್ಕೆ ಡ್ರಿಪ್ ಪ್ರೈಸಿಂಗ್ ಅಂತಾರೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಹದಿಮೂರು ಬಗೆಯ ಮೋಸದ ಪಟ್ಟಿ ಇದೆ, ಅದರಲ್ಲಿ ಇದೂ ಒಂದು.

ಬೆಲೆ ಏರಿಸಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಕಲಾವಿದರಿಗೆ ಕೊಡಬೇಕು, ಸರ್ವರ್ ಬಾಡಿಗೆ ಕಟ್ಟಬೇಕು, ಸರಿ. ₹235 ಬೇಕಾದರೆ ₹235 ಅಂತ ಹೇಳಿ ಕೇಳಿ.

ಇನ್ನು ಎರಡನೇದು. ಮಾವ ಇದ್ದ ಹಳೇ ಪ್ಲ್ಯಾನ್ ನಿಂತುಹೋಗಿದೆ. ಅದರ ಬದಲು ಎರಡು ಪ್ಲ್ಯಾನ್ ಬಂದಿವೆ. ಒಂದು ಈ ₹199ರದ್ದು. ಇನ್ನೊಂದು ₹99ರದ್ದು, ಒಂದೇ ಫೋನಿನಲ್ಲಿ ಕೇಳಲು, ಜಿಎಸ್‌ಟಿ ಸೇರಿ ₹116.82. ಮಾವ ಕೇಳೋದೇ ಒಂದು ಫೋನಿನಲ್ಲಿ. ಅವರಿಗೆ ಹೇಳಿ ಮಾಡಿಸಿದ ಹಾಗಿರೋದು ಎರಡನೇದೇ, ಅದೂ ಮೊದಲಿಗಿಂತ ಅಗ್ಗ! ಆದರೆ ಮೇಲ್‌ನಲ್ಲಿ ಅದರ ಸುದ್ದಿಯೇ ಇಲ್ಲ. 'ನಿಮ್ಮನ್ನು ಹೊಸ ಪ್ಲ್ಯಾನ್‌ಗೆ ಸೇರಿಸಿದ್ದೇವೆ' ಅಂತ ಒಂದು ಸಾಲು, ಕೆಳಗೆ 'ಮುಂದುವರಿಸಿ' ಅನ್ನುವ ದೊಡ್ಡ ಬಟನ್. ಅಗ್ಗದ ಪ್ಲ್ಯಾನ್ ಬೇಕು ಅಂದರೆ ಪ್ರೊಫೈಲ್‌ಗೆ ಹೋಗಿ, ಖಾತೆ ತೆರೆದು, ಬಿಲ್ಲಿಂಗ್ ಒಳಗೆ ಹೋಗಿ, ಕೊನೆಯಲ್ಲಿರುವ 'ಎಲ್ಲ ಪ್ಲ್ಯಾನ್ ನೋಡಿ' ಒತ್ತಬೇಕು. ಎಪ್ಪತ್ತು ದಾಟಿದವರು ಅಲ್ಲಿಯವರೆಗೆ ಹೋಗುತ್ತಾರಾ?

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದಕ್ಕೆ ಹೇಳಿದ್ದು: 'ಅಷ್ಟು ಬಿಡಿಸಿ ಹೇಳಿದರೆ ಅರ್ಧ ಜನ ಅಗ್ಗದ ಪ್ಲ್ಯಾನ್‌ಗೆ ಹೋಗುತ್ತಾರೆ, ಇನ್ನರ್ಧ ಜನ ಬಿಟ್ಟೇ ಹೋಗುತ್ತಾರೆ.' ಹೋಗಲಿ ಬಿಡಿ. ಅದು ಅವರ ದುಡ್ಡು. ಮೇಲ್ ಓದಿ ಅರ್ಥವಾಗದೆ, ದುಡ್ಡು ಕಡಿತವಾದ ಮೇಲೆ ಬ್ಯಾಂಕ್ ಮೆಸೇಜ್ ನೋಡಿ ಗೊತ್ತಾದವರು ಸುಮ್ನೆ ಹೋಗೋದಿಲ್ಲ. ರೀಫಂಡ್ ಕೇಳುತ್ತಾರೆ, ಸ್ಟೋರ್‌ನಲ್ಲಿ ಒಂದು ಸ್ಟಾರ್ ಕೊಡುತ್ತಾರೆ, ಆಮೇಲೆ ತಿರುಗಿ ಬರೋದೇ ಇಲ್ಲ.

ಇನ್ನೊಂದು ಮಾತಿದೆ, 'ಗ್ರಾಹಕರು ಒಪ್ಪದೆ ದುಡ್ಡು ಹೇಗೆ ಹೋಗುತ್ತದೆ?' ಅಂತ. ಇದನ್ನು ಸ್ವಲ್ಪ ಗಮನ ಇಟ್ಟು ಓದಿ, ನಿಮ್ಮೆಲ್ಲರ ಫೋನಿನಲ್ಲೂ ಇರುವ ವಿಷಯ. ಯುಪಿಐ ಆಟೋಪೇ ಹಾಕುವಾಗ ನಾವು ಒಂದು ಸಲ ಪಿನ್ ಒತ್ತುತ್ತೇವೆ. ಆಗ ಒಪ್ಪಿದ್ದು ಬರೀ ₹149ಕ್ಕೆ ಆಗಿರಬೇಕು ಅಂತೇನಿಲ್ಲ. ಎಷ್ಟೋ ಸಲ ಅಲ್ಲಿ ಗರಿಷ್ಠ ಮೊತ್ತ ಅಂತ ಇರುತ್ತದೆ. ಮಾವನದ್ದು ತೆಗೆದು ನೋಡಿದೆ, ₹1,000ದವರೆಗೆ ಅಂತ ಇತ್ತು. ₹235 ಅದರೊಳಗೇ ಬರುತ್ತದೆ. ಹಾಗಾಗಿ ಹೊಸದಾಗಿ ಯಾರೂ ಒಪ್ಪಿಗೆ ಕೇಳೋದಿಲ್ಲ, ದುಡ್ಡು ತಾನಾಗಿ ಹೋಗುತ್ತದೆ. ₹15,000ದವರೆಗಿನ ಇಂಥ ಕಂತುಗಳಿಗೆ ಪ್ರತಿ ಸಲ ಒಟಿಪಿಯೋ ಪಿನ್ನೋ ಬೇಡ ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಮಾಡಿದೆ. ಅದೇ ನಿಮ್ಮ ಆಟೋಪೇಯಲ್ಲಿ ಸರಿಯಾಗಿ ₹149 ಅಂತಲೇ ಇದ್ದರೆ ಹೊಸ ಮೊತ್ತ ಪಾಸಾಗೋದಿಲ್ಲ, ಮತ್ತೆ ಒಪ್ಪಿಗೆ ಕೊಡಬೇಕು, ಕೊಡದಿದ್ದರೆ ಸೇವೆ ನಿಲ್ಲುತ್ತದೆ. ಯಾರಿಗೆ ಏನಾಗುತ್ತದೆ ಅಂತ ಮೇಲ್‌ನಲ್ಲಿ ಒಂದಕ್ಷರ ಇಲ್ಲ.

ಕಡಿತಕ್ಕೆ 24 ಗಂಟೆ ಮೊದಲಾದರೂ ಮೊತ್ತ, ತಾರೀಕು ಹೇಳಿ ಮೆಸೇಜ್ ಬರಬೇಕು ಅನ್ನುವ ನಿಯಮ ಇದೆ, ನಿಜ. ಬರುತ್ತದೆ ಕೂಡ. ಆದರೆ ಎಷ್ಟೋ ಸಲ ಅದರಲ್ಲಿರೋದು ಆ್ಯಪ್ ಹೆಸರಲ್ಲ, ನಾವು ಕೇಳೇ ಇಲ್ಲದ ಯಾವುದೋ ಪ್ರೈವೇಟ್ ಲಿಮಿಟೆಡ್ ಹೆಸರು. ಲೋನ್ ಬೇಕಾ ಅನ್ನುವ ಮೆಸೇಜ್‌ಗಳ ಮಧ್ಯೆ ಅದನ್ನು ಯಾರು ನೋಡುತ್ತಾರೆ?

ಹಾಗಾದರೆ ಮೇಲ್ ಹೇಗಿರಬೇಕಿತ್ತು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

'ನಿಮ್ಮ ತಿಂಗಳ ಚಂದಾ ₹149ರಿಂದ ₹234.82ಕ್ಕೆ ಏರುತ್ತಿದೆ. ಎರಡೂ ಜಿಎಸ್‌ಟಿ ಸೇರಿದ ಬೆಲೆ. ಹೊಸ ಬೆಲೆ ನಿಮ್ಮ ಖಾತೆಗೆ 14ನೇ ತಾರೀಕಿನ ಬಿಲ್‌ನಿಂದ ಶುರು. ನೀವು ಏನೂ ಮಾಡದಿದ್ದರೆ ಅಂದು ಆಟೋಪೇಯಿಂದ ಇಷ್ಟು ಕಡಿತವಾಗುತ್ತದೆ. ಒಂದೇ ಫೋನಿನಲ್ಲಿ ಕೇಳುವವರಿಗೆ ₹116.82ರ ಪ್ಲ್ಯಾನ್ ಇದೆ. ಅದಕ್ಕೆ ಬದಲಾಯಿಸಲು ಇಲ್ಲಿ ಒತ್ತಿ. ಚಂದಾ ನಿಲ್ಲಿಸಲು ಇಲ್ಲಿ ಒತ್ತಿ.'

ಇಷ್ಟೇ. ಫೀಚರ್ ಬಗ್ಗೆ ಹೇಳಲೇಬೇಕಾದರೆ ಇದರ ಕೆಳಗೆ ಹೇಳಿಕೊಳ್ಳಲಿ. 'ಮುಂದಿನ ಬಿಲ್ಲಿಂಗ್ ಸೈಕಲ್‌ನಿಂದ' ಅಂತ ಬರೆದರೆ ಮಾವನಿಗೆ ಏನು ತಿಳಿಯಬೇಕು? ಪ್ರತಿಯೊಬ್ಬರ ಬಿಲ್ ತಾರೀಕು ಕಂಪನಿಯ ಹತ್ತಿರ ಇದ್ದೇ ಇದೆ. ಹೆಸರು ಹಾಕಿ 'ನಮಸ್ಕಾರ' ಅನ್ನೋಕೆ ಬರುವವರಿಗೆ ತಾರೀಕು ಹಾಕೋಕೂ ಬರುತ್ತದೆ.

ನಿಮಗೂ ಇಂಥ ಮೇಲ್ ಬಂದಿದ್ದರೆ ಹೀಗೆ ಮಾಡಿ. ದೊಡ್ಡ ಪ್ಲ್ಯಾನ್‌ಗೆ ಹೋಗೋದು ಸಾಮಾನ್ಯವಾಗಿ ತಕ್ಷಣ ಆಗುತ್ತದೆ, ಸಣ್ಣದಕ್ಕೆ ಇಳಿಯೋದು ಮುಂದಿನ ಬಿಲ್‌ನಿಂದ. ಹಾಗಾಗಿ ಬಿಲ್ ತಾರೀಕಿಗೆ ಎರಡು ಮೂರು ದಿನ ಮೊದಲೇ ಬದಲಾಯಿಸಿ, ಕಡಿತದ ಮೆಸೇಜ್ ಬರುವವರೆಗೆ ಕಾಯಬೇಡಿ. ಬದಲಾಯಿಸಿದ ಮೇಲೆ 'ಮುಂದಿನ ಬಿಲ್ ಇಷ್ಟು' ಅಂತ ಬರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ. ಫೋನಿನ ಆ್ಯಪ್ ಸ್ಟೋರ್ ಮೂಲಕ ಚಂದಾ ಕಟ್ಟಿದ್ದರೆ ಸಾಮಾನ್ಯವಾಗಿ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪುಟದಲ್ಲೇ ಬದಲಾಯಿಸಬೇಕು. ಆ್ಯಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲೋದಿಲ್ಲ. ಪೂರ್ತಿ ಬೇಡ ಅಂದರೆ ಮೊದಲು ಚಂದಾ ರದ್ದು ಮಾಡಿ, ಆಮೇಲೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಗೆ ಹೋಗಿ ಅಲ್ಲೂ ರದ್ದು ಮಾಡಿ.

ಮಾವನ ಪ್ಲ್ಯಾನ್ ಬದಲಾಯಿಸಿದ್ದಾಯಿತು. ತೆರಿಗೆ ಸೇರಿದ ಬೆಲೆ ಯಾಕೆ ಬರೆದಿಲ್ಲ ಅಂತ ಕಂಪನಿಗೆ ಕೇಳಿದ್ದೇನೆ. ಸರಿಯಾದ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಈ ಊರಿನಲ್ಲಿ ಇಂಥ ಆ್ಯಪ್ ಕಂಪನಿಗಳಲ್ಲಿ ಕೆಲಸ ಮಾಡುವ ಗೆಳೆಯರು ನನ್ನ ಪಟ್ಟಿಯಲ್ಲೇ ಎಷ್ಟೋ ಜನ ಇದ್ದೀರಿ. ಮುಂದಿನ ಸಲ ಡ್ರಾಫ್ಟ್ ನಿಮ್ಮ ಮುಂದೆ ಬಂದಾಗ, ಕಡಿತವಾಗುವ ಪೂರ್ತಿ ಮೊತ್ತವನ್ನು ಮೊದಲ ಸಾಲಿಗೆ ತನ್ನಿ. ಮ್ಯಾನೇಜರ್ ಬೇಡ ಅಂದರೆ ಈ ಪೋಸ್ಟ್ ತೋರಿಸಿ.